ಫೀಸು ಬಂದಿದೆ, ಇನ್ನೂ ನಮ್ಮದಾಗಿಲ್ಲ

ಜೂನ್ ಎರಡನೇ ವಾರದಲ್ಲಿ ನಮ್ಮ ಶಾಲೆಯ ಬ್ಯಾಂಕ್ ಖಾತೆ ನೋಡಿದರೆ ಯಾರಿಗಾದರೂ ಇದೊಂದು ಶ್ರೀಮಂತ ಸಂಸ್ಥೆ ಅನ್ನಿಸಬೇಕು. ವರ್ಷದ ಫೀಸನ್ನು ಒಂದೇ ಸಲ ಕಟ್ಟುವ ಅಪ್ಪ ಅಮ್ಮಂದಿರು ಕಟ್ಟಿ ಮುಗಿಸಿರುತ್ತಾರೆ, ಕಂತಿನವರ ಮೊದಲ ಕಂತೂ ಬಂದಿರುತ್ತದೆ. ಆ ವಾರ ಆಫೀಸಿಗೆ ಬಂದವರಿಗೆಲ್ಲ ಏನೋ ಒಂದು ಖರ್ಚು ಹೊಳೆಯುತ್ತದೆ. ಹಿಂದಿನ ಕಾಂಪೌಂಡ್ ಎತ್ತರಿಸೋಣ, ಸ್ಮಾರ್ಟ್ ಬೋರ್ಡ್ ತರೋಣ, ಆಟದ ಮೈದಾನಕ್ಕೆ ಶೀಟ್ ಹಾಕಿಸೋಣ. "ದುಡ್ಡು ಇದೆಯಲ್ಲಮ್ಮ, ಇನ್ನೇನು ಯೋಚನೆ?" ಅಂತ ಕಾರ್ಯದರ್ಶಿಗಳು ಕೇಳುತ್ತಾರೆ. ಪ್ರತಿ ವರ್ಷ ನನ್ನದು ಒಂದೇ ಉತ್ತರ: "ದುಡ್ಡು ಇದೆ ಸರ್, ಆದ್ರೆ ಇನ್ನೂ ನಮ್ದಾಗಿಲ್ಲ."

ಜಿಲ್ಲಾ ಕೇಂದ್ರವೊಂದರ ಖಾಸಗಿ ಶಾಲೆಯಲ್ಲಿ ನಾನು ಲೆಕ್ಕ ಬರೆಯುವವಳು. ಫೀಸು ಕಟ್ಟುವವರಿಗೆ ಕೌಂಟರಿನ ಕಿಂಡಿಯಲ್ಲಿ ಕಾಣುವ ಮುಖ ನನ್ನದೇ. ಕಿಂಡಿಯ ಆಚೆ ನಿಂತು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, "ಆಯ್ತಲ್ಲಾ ಮೇಡಂ, ಇಡೀ ವರ್ಷದ್ದು ಮುಗೀತು" ಎಂದು ನಿಟ್ಟುಸಿರು ಬಿಟ್ಟು ಹೋಗುವವರು ನಿಮ್ಮಂಥವರೇ. ನಿಮಗೆ ಅಲ್ಲಿಗೆ ಮುಗಿಯುತ್ತದೆ. ನನಗೆ ಅಲ್ಲಿಂದ ಶುರು.

ಬೆಳಿಗ್ಗೆ ಹಾಲು ಹಾಕುವವನಿಗೆ ತಿಂಗಳ ದುಡ್ಡು ಮೊದಲೇ ಕೊಟ್ಟಿದ್ದೀರಿ ಅಂದುಕೊಳ್ಳಿ. ಒಂದನೇ ತಾರೀಖು ಅವನ ಜೇಬಿನಲ್ಲಿ ಇಡೀ ತಿಂಗಳ ಹಣ ಇರುತ್ತದೆ. ಆದರೆ ಅವತ್ತು ನಿಮ್ಮ ಬಾಗಿಲಿಗೆ ಬಂದಿರುವುದು ಒಂದು ದಿನದ ಹಾಲು. ಉಳಿದ ದಿನಗಳ ಹಾಲನ್ನು ಅವನು ನಿಮಗೆ ಕೊಡಬೇಕಾದವನು, ಅಂದರೆ ಆ ಮಟ್ಟಿಗೆ ನಿಮ್ಮ ಸಾಲಗಾರ. ಶಾಲೆಯ ಮುಂಗಡ ಫೀಸೂ ಹಾಗೆಯೇ. ಪಾಠ ನಡೆದಂತೆಲ್ಲ ಆ ಸಾಲ ಕರಗುತ್ತದೆ.

ಲೆಕ್ಕ ಸುಲಭವಾಗಲಿ ಎಂದು ನಮ್ಮ ಶಾಲೆಯ ಆಸುಪಾಸಿನ ಉರುಟು ಅಂಕಿಗಳನ್ನೇ ಇಟ್ಟುಕೊಳ್ಳುತ್ತೇನೆ. ಇನ್ನೂರು ಮಕ್ಕಳು, ಒಬ್ಬರಿಗೆ ವರ್ಷಕ್ಕೆ 24,000 ರೂಪಾಯಿ. ಜೂನ್‌ನಿಂದ ಮೇವರೆಗೆ ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 2,000. ಜೂನ್ 5ರಂದು ನೀವು 24,000 ಕಟ್ಟಿದಿರಿ. ನಾನು ಟ್ಯಾಲಿಯಲ್ಲಿ ಬ್ಯಾಂಕಿಗೆ 24,000 ಬಂತೆಂದು ಬರೆಯುತ್ತೇನೆ, ಆದರೆ ಎದುರಿಗೆ 'ಆದಾಯ' ಎಂದು ಬರೆಯುವುದಿಲ್ಲ. 'ಮುಂಗಡ ಬಂದ ಶುಲ್ಕ' ಎಂಬ ಖಾತೆಗೆ ಹಾಕುತ್ತೇನೆ. ಅದು ಕೊಡಬೇಕಾದ ಬಾಬ್ತಿನ ಪಟ್ಟಿಯಲ್ಲಿ, ಅಂಗಡಿಯವರಿಗೆ ಕೊಡಬೇಕಾದ ಬಾಕಿಯ ಪಕ್ಕದಲ್ಲೇ ಕೂತಿರುತ್ತದೆ. ಜೂನ್ 30ಕ್ಕೆ ಅದರಿಂದ 2,000 ತೆಗೆದು ಆದಾಯಕ್ಕೆ ಸೇರಿಸುತ್ತೇನೆ. ಜುಲೈ 31ಕ್ಕೆ ಇನ್ನೊಂದು 2,000. ಹೀಗೆ ಹೋಗಿ ಮಾರ್ಚ್ 31ರಂದು ಹಣಕಾಸು ವರ್ಷ ಮುಗಿಯುವಾಗ ಹತ್ತು ತಿಂಗಳ 20,000 ಆದಾಯವಾಗಿರುತ್ತದೆ, 4,000 ಇನ್ನೂ ಮುಂಗಡದಲ್ಲೇ ಉಳಿದಿರುತ್ತದೆ.

ಇಲ್ಲಿ ನಮ್ಮ ಆಡಿಟರ್‌ಗೂ ನನಗೂ ಒಂದು ಚರ್ಚೆ ಇದ್ದೇ ಇದೆ. ಏಪ್ರಿಲ್ ಮೊದಲ ಹತ್ತು ದಿನ ಕಳೆದರೆ ಮಕ್ಕಳಿಗೆ ರಜೆ. ಪಾಠವೇ ಇಲ್ಲದ ಏಪ್ರಿಲ್, ಮೇ ತಿಂಗಳಿಗೆ ಫೀಸು ಹಂಚುವುದು ಯಾಕೆ, ಹತ್ತು ತಿಂಗಳಿಗೇ ಹಂಚಿಬಿಡಬಹುದಲ್ಲ ಎಂಬುದು ಅವರ ಮಾತು. ಪಾಠದ ದಿನಗಳನ್ನು ಎಣಿಸಿದರೆ ಅದೂ ಸರಿಯೇ, ಹಾಗೆ ಬರೆಯುವ ಶಾಲೆಗಳೂ ಇವೆ. ನನ್ನ ವಾದ ಬೇರೆ. ಮಕ್ಕಳಿಗೆ ರಜೆ ಇದೆ, ಟೀಚರ್‌ಗಳ ಸಂಬಳಕ್ಕೆ ರಜೆ ಇಲ್ಲ. ಕಟ್ಟಡದ ಬಾಡಿಗೆಗೂ ಇಲ್ಲ. ಯಾವ ದಾರಿ ಹಿಡಿದರೂ ಪ್ರತಿ ವರ್ಷ ಅದನ್ನೇ ಹಿಡಿಯಬೇಕು ಎಂದು ಹೇಳಿ, ಕೊನೆಗೆ ಅವರು ಹನ್ನೆರಡು ತಿಂಗಳನ್ನೇ ಒಪ್ಪಿದರು.

ಇದು ಬರೀ ಪುಸ್ತಕದ ಚರ್ಚೆ ಅಲ್ಲ ಅಂತ ಗೊತ್ತಾಗುವುದು ಮಾರ್ಚ್ ಕೊನೆಗೆ. ನಾನು ಈ ಕೆಲಸಕ್ಕೆ ಸೇರಿದ ವರ್ಷ ಮಾರ್ಚ್ 31ಕ್ಕೆ ಬ್ಯಾಂಕಿನಲ್ಲಿ 11 ಲಕ್ಷ ಇತ್ತು. ಆಡಳಿತ ಮಂಡಳಿಯವರಿಗೆ ಖುಷಿಯೋ ಖುಷಿ. ನಾನು ರಸೀದಿ ಪುಸ್ತಕ ತಿರುವಿ ಹಾಕುತ್ತಾ ಕೂತೆ. ಫೆಬ್ರವರಿ, ಮಾರ್ಚ್‌ನಲ್ಲೇ ಮುಂದಿನ ವರ್ಷದ ಅಡ್ಮಿಷನ್ ಶುರುವಾಗಿರುತ್ತದಲ್ಲ, ಆ ಬಾಬ್ತು ಬಂದ ಹಣವೇ 6.5 ಲಕ್ಷ. ಅದನ್ನು ಪಕ್ಕಕ್ಕಿಟ್ಟರೆ ಈ ವರ್ಷದ್ದು ಅಂತ ಉಳಿದಿದ್ದು 4.5 ಲಕ್ಷ. ಸಂಬಳ, ಬಾಡಿಗೆ, ಕರೆಂಟು ಎಲ್ಲ ಸೇರಿ ತಿಂಗಳ ಖರ್ಚು 3.4 ಲಕ್ಷ, ಏಪ್ರಿಲ್ ಮತ್ತು ಮೇ ಎರಡಕ್ಕೆ ಬೇಕಾದದ್ದು 6.8 ಲಕ್ಷ. ಅಂದರೆ 11 ಲಕ್ಷ ಇಟ್ಟುಕೊಂಡ ಶಾಲೆಗೆ ನಿಜವಾಗಿ 2.3 ಲಕ್ಷ ಕೊರತೆ. ಆ ಕೊರತೆಯನ್ನು, ಇನ್ನೂ ಶಾಲೆಯ ಹೊಸ್ತಿಲನ್ನೇ ತುಳಿಯದ ಎಲ್‌ಕೆಜಿ ಮಕ್ಕಳ ಫೀಸಿನಿಂದ ತುಂಬಿಸುತ್ತಿದ್ದರು. ಹಾಗೆ ಎಷ್ಟೋ ವರ್ಷ ನಡೆದುಬಂದಿತ್ತು, ಯಾರಿಗೂ ಗೊತ್ತೇ ಆಗಿರಲಿಲ್ಲ. ಅಡ್ಮಿಷನ್ ಏರುತ್ತಿರುವವರೆಗೆ ಗೊತ್ತಾಗುವುದೂ ಇಲ್ಲ. ಒಂದು ವರ್ಷ ಇಪ್ಪತ್ತು ಮಕ್ಕಳು ಕಡಿಮೆಯಾದರೆ ಸಾಕು, ಮೇ ತಿಂಗಳ ಸಂಬಳ ಜೂನ್ 20ಕ್ಕೆ ಹೋಗುತ್ತದೆ.

ಹೀಗೆ ಹಣ ಮೊದಲೇ ಬಂದು, ಮೊದಲೇ ಖರ್ಚಾಗುವ ಶಾಲೆಯಲ್ಲಿ ಮೊದಲು ಕತ್ತರಿ ಬೀಳುವುದು ಯಾವುದಕ್ಕೆ ಗೊತ್ತಾ? ಸಂಬಳಕ್ಕಲ್ಲ, ಅದಕ್ಕೆ ಕೇಳುವವರಿದ್ದಾರೆ. ಕತ್ತರಿ ಬೀಳುವುದು ರಿಯಾಯಿತಿಗೆ.

ನಾವು 'ಕನ್ಸೆಶನ್' ಎಂದು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಎರಡು ಬೇರೆ ಬೇರೆ ಸಂಗತಿ ಇವೆ. ಕಷ್ಟದಲ್ಲಿರುವ ಮನೆಯ ಮಗುವಿಗೆ ಅರ್ಧ ಫೀಸು ಬಿಡುವುದು ಒಂದು. ವರ್ಷದ್ದನ್ನೆಲ್ಲ ಒಂದೇ ಸಲ ಕಟ್ಟಿದವರಿಗೆ ಶೇ 5 ಬಿಡುವುದು ಇನ್ನೊಂದು. ಆರ್‌ಟಿಇ ಸೀಟಿನ ಮಗುವನ್ನೂ ಕೆಲವರು ಇದೇ ಪಟ್ಟಿಗೆ ಸೇರಿಸುತ್ತಾರೆ. ಅದು ರಿಯಾಯಿತಿಯೇ ಅಲ್ಲ, ಸರ್ಕಾರ ಶಾಲೆಗೆ ಮರುಪಾವತಿ ಮಾಡಬೇಕಾದ ಹಣ, ಅದರ ಲೆಕ್ಕವೇ ಬೇರೆ. ಅದನ್ನು ಇಲ್ಲಿಗೆ ಬಿಡುತ್ತೇನೆ.

ಮೊದಲನೆಯದರ ವಿಷಯಕ್ಕೆ ಬರೋಣ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಇನ್ನೊಂದು ಶಾಲೆಯಲ್ಲಿ ರಿಯಾಯಿತಿ ಕೊಡುವುದು ಬಾಯಿಮಾತಿನಲ್ಲಿ ನಡೆಯುತ್ತಿತ್ತು. ಯಾರೋ ತಂದೆ ಬಂದು ಅಧ್ಯಕ್ಷರ ಮುಂದೆ ಕೈಮುಗಿದು ನಿಲ್ಲುತ್ತಿದ್ದರು. "ಆಯ್ತಪ್ಪ, ಅರ್ಧ ಕಟ್ಟು" ಎಂದು ಅವರು ವರಾಂಡದಲ್ಲೇ ಹೇಳಿ ಹೋಗುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಮಾತು ಆಫೀಸಿಗೆ ತಲುಪುತ್ತಿರಲಿಲ್ಲ. ಲೆಡ್ಜರಿನಲ್ಲಿ ಆ ಮಗುವಿನ ಹೆಸರಿನ ಮುಂದೆ 24,000 ಫೀಸು, 12,000 ಪಾವತಿ, 12,000 ಬಾಕಿ ಎಂದೇ ಇರುತ್ತಿತ್ತು. ಬಾಕಿ ಎಂದಮೇಲೆ ಫೆಬ್ರವರಿಯಲ್ಲಿ ಬಾಕಿದಾರರ ಪಟ್ಟಿಯಲ್ಲಿ ಅದು ತಾನಾಗಿಯೇ ಬಂದುಬಿಡುತ್ತದೆ. ಆ ಪಟ್ಟಿ ಕ್ಲಾಸ್ ಟೀಚರ್ ಕೈಗೆ ಹೋಗುತ್ತದೆ. ಅವರಾದರೂ ಏನು ಮಾಡುತ್ತಾರೆ, ಪಟ್ಟಿಯಲ್ಲಿರುವವರ ಹೆಸರು ಓದಿ "ಎದ್ದು ನಿಂತ್ಕೊಳ್ಳಿ, ನಾಳೆ ಅಪ್ಪನ್ನ ಕರ್ಕೊಂಡ್ ಬನ್ನಿ" ಅನ್ನುತ್ತಾರೆ. ಏಳನೇ ಕ್ಲಾಸಿನ ಹುಡುಗನೊಬ್ಬ ಹಾಗೆ ನಿಂತದ್ದು ನನಗೆ ಗೊತ್ತಿದೆ. ಮರುದಿನ ಅವನ ಅಪ್ಪ ಬಂದು, "ಬಿಟ್ಟಿದೀವಿ ಅಂದಿದ್ರಲ್ಲಮ್ಮ" ಎಂದು ಕಿಂಡಿಯ ಹತ್ತಿರ ಪಿಸುಗುಟ್ಟಿದರು. ಹಿಂದೆ ಸಾಲಿನಲ್ಲಿ ನಿಂತವರಿಗೆ ಕೇಳಿಸಬಾರದಲ್ಲ, ಅದಕ್ಕೆ.

ಆ ಅವಮಾನಕ್ಕೆ ಕಾರಣ ಕಲ್ಲು ಹೃದಯವಲ್ಲ, ಒಂದು ನಮೂದು ಬರೆಯದೆ ಬಿಟ್ಟದ್ದು. ಈಗಿನ ಶಾಲೆಯಲ್ಲಿ ರಿಯಾಯಿತಿಯ ಅರ್ಜಿ ಏಪ್ರಿಲ್‌ನಲ್ಲೇ ಬರುತ್ತದೆ. ಮುಖ್ಯೋಪಾಧ್ಯಾಯಿನಿ, ಕಾರ್ಯದರ್ಶಿ ಮತ್ತು ಒಬ್ಬ ಸದಸ್ಯರು ಕೂತು ನೋಡುತ್ತಾರೆ, ಠರಾವಿನ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾರೆ. ಜೂನ್ ಬರುವ ಮೊದಲೇ ಆ ಮಗುವಿನ ಖಾತೆಯಲ್ಲಿ ಮೂರು ಸಾಲು ಇರುತ್ತವೆ: ಫೀಸು 24,000, ರಿಯಾಯಿತಿ 12,000, ಕಟ್ಟಬೇಕಾದದ್ದು 12,000. ಇನ್ನು ಆ ಮಗು ಬಾಕಿಪಟ್ಟಿಗೆ ಬರುವುದೇ ಇಲ್ಲ. ಕ್ಲಾಸ್ ಟೀಚರ್‌ಗೆ ಯಾರಿಗೆ ಎಷ್ಟು ಬಿಟ್ಟಿದ್ದೇವೆಂದು ತಿಳಿಯುವ ಅಗತ್ಯವೂ ಇಲ್ಲ.

ಹಾಗಾದರೆ ನೇರವಾಗಿ 12,000 ಅಂತಲೇ ಬರೆದರೆ ಸಾಲದೇ, ಮೂರು ಸಾಲು ಯಾಕೆ ಅಂತ ಕೇಳಬಹುದು. ಆದಾಯ ಎಂದು ಕೊನೆಗೆ ನಿಲ್ಲುವುದು 12,000ವೇ, ತಿಂಗಳಿಗೆ 1,000. ಆದರೆ ರಿಯಾಯಿತಿಯನ್ನು ಬೇರೆಯಾಗಿ ತೋರಿಸದಿದ್ದರೆ ವರ್ಷದ ಕೊನೆಗೆ ಶಾಲೆ ಎಷ್ಟು ಬಿಟ್ಟಿತು, ಯಾರಿಗೆ ಬಿಟ್ಟಿತು ಎಂಬುದೇ ಕಾಣುವುದಿಲ್ಲ. ಕಾಣದ ಖರ್ಚನ್ನು ಸುಲಭವಾಗಿ ಕಡಿಯಬಹುದು, ಪರಿಚಯದವರಿಗೆ ಸುಲಭವಾಗಿ ಕೊಡಲೂಬಹುದು. ನಾನು ಬಂದಾಗ ಹನ್ನೆರಡು ಮಕ್ಕಳಿಗೆ ಅರ್ಧ ಫೀಸು ಇತ್ತು. ಒಟ್ಟು 1,44,000. ಇನ್ನೂರು ಮಕ್ಕಳ ಒಟ್ಟು ಫೀಸು 48 ಲಕ್ಷ ಎಂದರೆ ಅದು ಶೇ 3. ಆ ಅಂಕಿಯನ್ನು ಮೊದಲ ಸಲ ಒಂದು ಹಾಳೆಯಲ್ಲಿ ಬರೆದು ಮಂಡಳಿಯ ಮುಂದಿಟ್ಟಾಗ, "ಅಷ್ಟೇನಾ? ನಾವು ಏನೋ ಹತ್ತು ಲಕ್ಷ ಬಿಡ್ತಾ ಇದೀವಿ ಅಂದ್ಕೊಂಡಿದ್ದೆ" ಅಂದರು ಖಜಾಂಚಿಗಳು.

ಅದೇ ಹಾಳೆಯ ಕೆಳಗಿನ ಸಾಲಿನಲ್ಲಿ ಎರಡನೇ ರಿಯಾಯಿತಿ ಇತ್ತು. ವರ್ಷದ ಫೀಸು ಒಂದೇ ಸಲ ಕಟ್ಟಿದ ಎಂಬತ್ತು ಮನೆಗಳಿಗೆ ಶೇ 5, ಅಂದರೆ ತಲಾ 1,200. ಒಟ್ಟು 96,000. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ಇದು ನಿಮ್ಮಲ್ಲಿ ಬಹಳ ಜನಕ್ಕೆ ಸಿಕ್ಕಿರುವ ರಿಯಾಯಿತಿ.

ಕಂತಿನವರು ಜೂನ್, ಸೆಪ್ಟೆಂಬರ್, ಡಿಸೆಂಬರ್‌ನಲ್ಲಿ ತಲಾ 8,000 ಕಟ್ಟುತ್ತಾರೆ. ಒಂದೇ ಸಲ ಕಟ್ಟಿದರೆ ಶಾಲೆಗೆ ಆಗುವ ಲಾಭ ಇಷ್ಟೇ: ಒಂದು 8,000 ಮೂರು ತಿಂಗಳು ಮುಂಚೆ, ಇನ್ನೊಂದು 8,000 ಆರು ತಿಂಗಳು ಮುಂಚೆ ಸಿಗುತ್ತದೆ. ಇದನ್ನು ಶೇ 6, 7ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೂ ಬರುವುದು ಸುಮಾರು 400 ರೂಪಾಯಿ. ಅದಕ್ಕಾಗಿ ನಾವು ಬಿಡುತ್ತಿದ್ದದ್ದು 1,200. ಅತ್ತ ಕಡೆ ಕಟ್ಟುವವರ ಲೆಕ್ಕ ನೋಡಿ. ಮೊದಲ ಕಂತು ಹೇಗೂ ಕಟ್ಟಲೇಬೇಕು. ಅದರ ಮೇಲೆ 14,800 ಈಗಲೇ ಹಾಕಿ, ಮುಂದೆ ಕಟ್ಟಬೇಕಿದ್ದ 16,000 ತಪ್ಪಿಸಿಕೊಳ್ಳುತ್ತಾರೆ. ಸರಾಸರಿ ನಾಲ್ಕೂವರೆ ತಿಂಗಳಿಗೆ ಇಷ್ಟು ಲಾಭ ಅಂದರೆ ವರ್ಷಕ್ಕೆ ಶೇ 20ಕ್ಕಿಂತ ಹೆಚ್ಚು. ಯಾವ ಎಫ್‌ಡಿ ಕೊಡುತ್ತದೆ ಹೇಳಿ? ಇಂಥ ರಿಯಾಯಿತಿ ಇರುವ ಶಾಲೆಯಲ್ಲಿ, ಕೈಯಲ್ಲಿ ಹಣವಿದ್ದರೆ ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಶಾಲೆಗಳು ಕೊಡುವುದೂ ಬಡ್ಡಿಗಾಗಿ ಅಲ್ಲ, ಕಂತಿಗಾಗಿ ಫೋನ್ ಮಾಡುವ ತಲೆನೋವು ತಪ್ಪಲಿ, ವರ್ಷದ ಕೊನೆಗೆ ಬಾಕಿ ಮುಳುಗದಿರಲಿ ಎಂದು. ಆದರೆ ಜೂನ್‌ನಲ್ಲಿ 22,800 ಒಟ್ಟಿಗೆ ಕಟ್ಟಬಲ್ಲವರು ಯಾರು? ಡಿಸೆಂಬರ್ ಕಂತಿಗೆ ಫೋನ್ ಮಾಡಿಸಿಕೊಳ್ಳುವವರಲ್ಲ. ಎರಡು ಸಂಬಳದ ಮನೆಗಳಿಗೆ ಸಿಗುತ್ತಿದ್ದ ಆ 96,000ದಲ್ಲಿ ಎಂಟು ಮಕ್ಕಳ ಅರ್ಧ ಫೀಸು ಇತ್ತು.

ಮಂಡಳಿಯಲ್ಲಿ ಎರಡು ಸಭೆ ಇದೇ ಮಾತು ನಡೆಯಿತು. ರಿಯಾಯಿತಿ ತೆಗೆದರೆ ಎಲ್ಲರೂ ಕಂತಿಗೆ ಹೋಗುತ್ತಾರೆ, ಜೂನ್‌ನಲ್ಲಿ ಕೈ ಕಟ್ಟಿದಂತಾಗುತ್ತದೆ ಎಂಬ ಭಯ ಖಜಾಂಚಿಗಳಿಗೆ. ಅವರ ಭಯ ಸುಳ್ಳಲ್ಲ. ಕೊನೆಗೆ ತೆಗೆದೆವು, ಅರ್ಧ ಫೀಸಿನ ಸೀಟುಗಳನ್ನು ಹನ್ನೆರಡರಿಂದ ಇಪ್ಪತ್ತಕ್ಕೆ ಏರಿಸಿದೆವು. ಹಿಂದೆ 1,44,000 ಮತ್ತು 96,000, ಈಗ ಇಪ್ಪತ್ತು ಮಕ್ಕಳಿಗೆ 2,40,000. ಶಾಲೆಗೆ ಒಂದು ರೂಪಾಯಿಯೂ ಹೆಚ್ಚುಕಡಿಮೆ ಆಗಲಿಲ್ಲ. ಎಂಬತ್ತು ಮನೆಗಳಲ್ಲಿ ಐವತ್ತೇಳು ಮನೆಯವರು ಮರುವರ್ಷವೂ ಒಂದೇ ಸಲ ಕಟ್ಟಿದರು, "ಮೂರ್ ಸಲ ನೆನಪಿಟ್ಕೊಳ್ಳೋರು ಯಾರು" ಅಂತ. ಉಳಿದವರು ಕಂತಿಗೆ ಹೋದರು. ಇಬ್ಬರು ಕಿಂಡಿಯಲ್ಲಿ ನನ್ನ ಮೇಲೆ ರೇಗಿದರು, ಅದೂ ನ್ಯಾಯವೇ.

ಕಳೆದ ವರ್ಷ ಬಂದ ಒಂದು ಪ್ರಸಂಗದಲ್ಲಿ ಮುಂಗಡ ಫೀಸು, ರಿಯಾಯಿತಿ ಎರಡೂ ಒಟ್ಟಿಗೆ ಸೇರಿಕೊಂಡವು. ಜೂನ್‌ನಲ್ಲೇ 24,000 ಪೂರ್ತಿ ಕಟ್ಟಿದ್ದ ಮನೆ ಅದು. ನವೆಂಬರ್‌ನಲ್ಲಿ ಮಗುವಿನ ತಂದೆ ತೀರಿಕೊಂಡರು. ತಾಯಿ ಅರ್ಜಿ ಕೊಡಲಿಲ್ಲ, ಕೊಡಬಹುದು ಎಂಬುದೂ ಅವರಿಗೆ ಹೊಳೆದಿರಲಿಕ್ಕಿಲ್ಲ. ಮಗು ಊಟದ ಡಬ್ಬಿ ತರುವುದು ತಪ್ಪುತ್ತಿದೆ ಎಂದು ಕ್ಲಾಸ್ ಟೀಚರ್ ಹೆಡ್ ಮೇಡಂಗೆ ಹೇಳಿದರು. ಅವರು ರಿಯಾಯಿತಿ ಸಮಿತಿಗೆ ತಂದರು.

ಸಭೆಯಲ್ಲಿ ಒಬ್ಬರು ಕೇಳಿದರು: "ಫೀಸು ಪೂರ್ತಿ ಕಟ್ಟಿ ಆಗಿದೆಯಲ್ಲ, ಇನ್ನೆಲ್ಲಿಯ ರಿಯಾಯಿತಿ? ಮುಂದಿನ ವರ್ಷ ನೋಡೋಣ." ಕೇಳಲಿಕ್ಕೆ ಸರಿಯಾಗಿಯೇ ಇದೆ. ಆದರೆ ಅದೇ ಮನೆಯವರು ಕಂತಿನಲ್ಲಿ ಕಟ್ಟುವವರಾಗಿದ್ದಿದ್ದರೆ? ಡಿಸೆಂಬರ್‌ನ 8,000 ಇನ್ನೂ ಬಾಕಿ ಇರುತ್ತಿತ್ತು, ಅದರಲ್ಲಿ ನಾವು ಬಿಡುತ್ತಿದ್ದೆವು, ಯಾರೂ ಪ್ರಶ್ನೆ ಎತ್ತುತ್ತಿರಲಿಲ್ಲ. ನಮ್ಮನ್ನು ನಂಬಿ ಮೊದಲೇ ಕೊಟ್ಟವರಿಗೆ ಇಲ್ಲ, ಕೊಡದೆ ಉಳಿಸಿಕೊಂಡವರಿಗೆ ಇದೆ ಎಂದಾಗುತ್ತದೆ. ರಿಯಾಯಿತಿ ಮನೆಯ ಕಷ್ಟ ನೋಡಿ ಕೊಡುವುದೋ, ರಸೀದಿ ನೋಡಿ ಕೊಡುವುದೋ? ಹೆಡ್ ಮೇಡಂ ಇಷ್ಟನ್ನೇ ಕೇಳಿ ಸುಮ್ಮನಾದರು.

ಲೆಕ್ಕ ಕೇಳಿದಾಗ ನಾನು ಪುಸ್ತಕ ತೆರೆದೆ. ನವೆಂಬರ್ 30ಕ್ಕೆ ಆರು ತಿಂಗಳು ಮುಗಿದಿತ್ತು. ಆ ಮಗುವಿನ ಖಾತೆಯಲ್ಲಿ 12,000 ಆದಾಯವಾಗಿ ಹೋಗಿತ್ತು, 12,000 ಮುಂಗಡದಲ್ಲಿ ಇತ್ತು. ಹೋದ ಆರು ತಿಂಗಳನ್ನು ಮುಟ್ಟುವಂತಿಲ್ಲ, ಆ ಪಾಠ ಆಗಿದೆ, ಆಗ ಆ ಮನೆಗೆ ಕಷ್ಟವೂ ಇರಲಿಲ್ಲ. ಡಿಸೆಂಬರ್‌ನಿಂದ ಅರ್ಧ ರಿಯಾಯಿತಿ ಎಂದರೆ ತಿಂಗಳಿಗೆ 1,000ದಂತೆ ಆರು ತಿಂಗಳಿಗೆ 6,000. ಮುಂಗಡದಲ್ಲಿರುವ 12,000ದಲ್ಲಿ 6,000 ವಾಪಸ್ ಕೊಟ್ಟರೆ, ಉಳಿದ 6,000 ತಿಂಗಳಿಗೆ 1,000ದಂತೆ ಮೇವರೆಗೆ ಸರಿಹೋಗುತ್ತದೆ. ಹೊಸದಾಗಿ ಎಲ್ಲಿಂದಲೂ ಹಣ ಹುಡುಕಬೇಕಿಲ್ಲ. ಜೂನ್‌ನಲ್ಲೇ 24,000 ಆದಾಯ ಎಂದು ಬರೆದು ಶೀಟು ಹಾಕಿಸಿದ್ದರೆ, ಇದೇ 6,000 ನಮ್ಮ ಕೈಯಿಂದ ಹೋಗುವ ಹೊಸ ಖರ್ಚಿನಂತೆ ಕಾಣುತ್ತಿತ್ತು, "ಮುಂದಿನ ವರ್ಷ ನೋಡೋಣ" ಅನ್ನುವ ಮಾತೇ ಗೆಲ್ಲುತ್ತಿತ್ತು.

ಇನ್ನೊಂದು ತೊಡಕು ಹಣ ಕಳಿಸುವಾಗ ಬಂತು. ಫೀಸು ಬಂದದ್ದು ತಂದೆಯ ಖಾತೆಯಿಂದ. ಆನ್‌ಲೈನ್ ಪಾವತಿಯನ್ನು ವಾಪಸ್ ಮಾಡಿದರೆ ಅದು ಬಂದ ಖಾತೆಗೇ ಹೋಗುತ್ತದೆ. ತೀರಿಕೊಂಡವರ ಖಾತೆಗೆ ಹೋದ ಹಣ, ಬ್ಯಾಂಕಿನಲ್ಲಿ ನಾಮಿನಿಯ ಕಾಗದಪತ್ರ ಮುಗಿಯುವವರೆಗೆ ತಾಯಿಯ ಕೈಗೆ ಸಿಗುವುದಿಲ್ಲ. ಆದ್ದರಿಂದ ಅವರಿಂದ ಒಂದು ಪತ್ರ, ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ ಪಡೆದು, ಠರಾವಿನಲ್ಲಿ ಕಾರಣ ಬರೆಸಿ ಅವರದೇ ಖಾತೆಗೆ ಹಾಕಿದೆವು. "ಮುಂದಿನ ವರ್ಷಕ್ಕೇ ಇಟ್ಕೊಳ್ಳಿ ಮೇಡಂ" ಅಂದರು ಆಕೆ ಮೊದಲು. ಈಗ ಬೇಕಾಗುತ್ತೆ, ಇಟ್ಟುಕೊಳ್ಳಿ ಅಂತ ಹೆಡ್ ಮೇಡಂ ಹೇಳಿದ ಮೇಲೆ ಸಹಿ ಹಾಕಿದರು.

ಕಟ್ಟಿಯಾದ ಫೀಸಿನಲ್ಲೂ ರಿಯಾಯಿತಿ ಕೊಡಬೇಕಾಗಿ ಬರಬಹುದು ಎಂಬುದನ್ನು ಇಡೀ ದೇಶದ ಶಾಲೆಗಳು ಒಮ್ಮೆ ಕಂಡಿವೆ. ಕೋವಿಡ್ ವರ್ಷದ ಫೀಸಿನ ಬಗ್ಗೆ ರಾಜಸ್ಥಾನದ ಖಾಸಗಿ ಶಾಲೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟು, 2020-21ರ ಫೀಸಿನಲ್ಲಿ ಶೇ 15 ಕಡಿಮೆ ಮಾಡಬೇಕು ಎಂದಿತು. ಶಾಲೆ ತೆರೆಯದೆ ಉಳಿದ ಖರ್ಚು ಶಾಲೆಯದ್ದಲ್ಲ ಎಂಬುದು ಅದರ ಹಿಂದಿನ ತರ್ಕ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಇಲ್ಲಿಯ ಶಾಲೆಗಳಿಗೂ ಅದೇ ಶೇ 15ರ ಲೆಕ್ಕ ಹಿಡಿಯಿತು. ಅಷ್ಟರಲ್ಲಿ ಆ ಶೈಕ್ಷಣಿಕ ವರ್ಷ ಮುಗಿದು ಹೋಗಿತ್ತು. ಕಂತು ಬಾಕಿ ಇಟ್ಟವರಿಗೆ ಕಡಿತ ಸುಲಭವಾಯಿತು, ಪೂರ್ತಿ ಕಟ್ಟಿದ್ದವರಿಗೆ ನಾವು ಮುಂದಿನ ವರ್ಷದ ಫೀಸಿನಲ್ಲಿ ಹೊಂದಿಸಿಕೊಟ್ಟೆವು. ಮೊದಲೇ ಕೊಟ್ಟವರು ಕೊನೆಯಲ್ಲಿ ಪಡೆಯುವುದು ಅಲ್ಲೂ ತಪ್ಪಲಿಲ್ಲ.

ರಸೀದಿಯ ಬಗ್ಗೆ ಒಂದು ಮಾತು. ರಿಯಾಯಿತಿ ಪಡೆದ ತಂದೆಯೊಬ್ಬರು, "ಆಫೀಸಲ್ಲಿ ಮಕ್ಕಳ ಫೀಸು ಕ್ಲೈಮ್ ಮಾಡ್ಬೇಕು, 24,000ಕ್ಕೇ ಕೊಟ್ಬಿಡಿ" ಎಂದು ಕೇಳಿದ್ದರು. ಕೊಡಲಾಗುವುದಿಲ್ಲ. ನಮ್ಮ ರಸೀದಿಯಲ್ಲಿ ಮೂರೂ ಸಾಲು ಇರುತ್ತವೆ, ಕೆಳಗೆ ನಿಜವಾಗಿ ಬಂದ ಹಣ ಇರುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ 80ಸಿ ಎಂದು ನಾವೆಲ್ಲ ಕರೆಯುತ್ತಾ ಬಂದ ವಿನಾಯಿತಿಯೂ ನಿಜವಾಗಿ ಕಟ್ಟಿದ ಬೋಧನಾ ಶುಲ್ಕಕ್ಕೆ ಮಾತ್ರ, ಬಿಟ್ಟ ಹಣಕ್ಕಲ್ಲ. ಅಲ್ಲಿ ತಿಂಗಳ ಹಂಚಿಕೆ ನೋಡುವುದಿಲ್ಲ, ನೀವು ಕಟ್ಟಿದ ದಿನ ಯಾವ ಹಣಕಾಸು ವರ್ಷಕ್ಕೆ ಬರುತ್ತದೆ ಎಂಬುದಷ್ಟೇ ಮುಖ್ಯ. ಒಂದೇ 24,000, ನಿಮ್ಮ ಪುಸ್ತಕದಲ್ಲಿ ಒಂದು ದಿನದ್ದು, ನನ್ನ ಪುಸ್ತಕದಲ್ಲಿ ಹನ್ನೆರಡು ತಿಂಗಳದ್ದು.

ಇತ್ತೀಚೆಗೆ ನಾವು ಎರಡು ಬ್ಯಾಂಕ್ ಖಾತೆ ಮಾಡಿದ್ದೇವೆ. ಫೀಸೆಲ್ಲ ಬಂದು ಬೀಳುವುದು ಒಂದಕ್ಕೆ, ಸಂಬಳ ಮತ್ತು ಖರ್ಚಿನ ಚೆಕ್ಕು ಹೋಗುವುದು ಇನ್ನೊಂದರಿಂದ. ಪ್ರತಿ ತಿಂಗಳ ಕೊನೆಗೆ, ಆ ತಿಂಗಳಿಗೆ ಆದಾಯವಾದಷ್ಟನ್ನೇ ಮೊದಲನೆಯದರಿಂದ ಎರಡನೆಯದಕ್ಕೆ ದಾಟಿಸುತ್ತೇನೆ. ಪುಸ್ತಕದಲ್ಲಿರುವ ಗೆರೆ ಹೀಗೆ ಕಣ್ಣಿಗೂ ಕಾಣುತ್ತದೆ. ಹಳೆಯ 2.3 ಲಕ್ಷದ ಕೊರತೆ ಒಂದೇ ವರ್ಷದಲ್ಲಿ ಮುಚ್ಚಲಿಲ್ಲ, ಮೂರು ವರ್ಷ ಹಿಡಿಯಿತು. ಆ ಮೂರು ವರ್ಷ ಸ್ಮಾರ್ಟ್ ಬೋರ್ಡ್ ಬರಲಿಲ್ಲ, ಕಾಂಪೌಂಡ್ ಇನ್ನೂ ಹಾಗೇ ಇದೆ.

ರಸೀದಿಯ ಹಿಂಬದಿಯಲ್ಲಿ ಈಗ ಮಗು ವರ್ಷದ ಮಧ್ಯದಲ್ಲಿ ಶಾಲೆ ಬಿಟ್ಟರೆ ಏನೆಂದು ಅಚ್ಚು ಹಾಕಿಸಿದ್ದೇವೆ. ಶುರುವಾದ ತಿಂಗಳು ಪೂರ್ತಿ ಲೆಕ್ಕ, ಅದರ ಮೇಲೆ ಒಂದು ತಿಂಗಳು, ಉಳಿದದ್ದು ವಾಪಸ್. ಹೋದ ಅಕ್ಟೋಬರ್‌ನಲ್ಲಿ ವರ್ಗವಾಗಿ ವಿಜಯಪುರಕ್ಕೆ ಹೊರಟ ಒಬ್ಬರು ಮಗಳ ಟಿಸಿಗೆ ಬಂದಿದ್ದರು. ಜೂನ್‌ನಿಂದ ಅಕ್ಟೋಬರ್‌ವರೆಗೆ ಐದು, ಮೇಲೊಂದು, ಒಟ್ಟು ಆರು ತಿಂಗಳ 12,000 ಹಿಡಿದು, ಉಳಿದ 12,000 ಅವರ ಖಾತೆಗೆ ಹಾಕಿ ರಸೀದಿಗೆ ಸಹಿ ಕೇಳಿದೆ. ಅವರು ರಸೀದಿಯನ್ನು ಎರಡು ಸಲ ತಿರುಗಿಸಿ ನೋಡಿದರು. "ಫೀಸು ಕಟ್ಟಿದ ಮೇಲೆ ವಾಪಸ್ ಬರುತ್ತೆ ಅಂತಾನೇ ಗೊತ್ತಿರ್ಲಿಲ್ಲ" ಅಂದರು. ಹಿಂದೆ ಸಾಲು ಉದ್ದ ಇತ್ತು, ನಾನು ಮುಂದಿನವರನ್ನು ಕರೆದೆ.